ರಜೆಯ ದಿನಾಂಕ ಬದಲಾದರೂ ಫೋನಿನ ಕ್ಯಾಲೆಂಡರ್ ಬದಲಾಗದಿದ್ದಾಗ: ದೋಷ ನಿವಾರಣೆ ಕೈಪಿಡಿ

ವರ್ಷದ ಆರಂಭದಲ್ಲಿ ಕಚೇರಿಯಿಂದ ಬಂದ ರಜಾಪಟ್ಟಿಯ `.ics` ಫೈಲನ್ನು ಫೋನಿಗೋ ಇಮೇಲ್ ಕ್ಯಾಲೆಂಡರಿಗೋ ಸೇರಿಸಿಕೊಂಡವರಿಗೆ, ವರ್ಷದ ನಡುವೆ ಯಾವುದಾದರೂ ರಜೆಯ ದಿನಾಂಕ ಬದಲಾದಾಗ ಎದುರಾಗುವ ತೊಂದರೆಗಳು ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುತ್ತವೆ. ಒಬ್ಬರ ಫೋನಿನಲ್ಲಿ ಹಳೆಯ ದಿನಾಂಕವೇ ಉಳಿದಿರುತ್ತದೆ. ಇನ್ನೊಬ್ಬರಿಗೆ ಒಂದೇ ಹಬ್ಬ ಎರಡು ದಿನ ಕಾಣುತ್ತದೆ. ಮತ್ತೊಬ್ಬರಿಗೆ ಆ ಹಬ್ಬವೇ ಪಟ್ಟಿಯಿಂದ ಮಾಯವಾಗಿರುತ್ತದೆ, ಅಥವಾ ಕಂಪ್ಯೂಟರಿನಲ್ಲಿ ಸರಿಯಾಗಿರುವುದು ಫೋನಿನಲ್ಲಿ ಇರುವುದಿಲ್ಲ. ಇವುಗಳಲ್ಲಿ ಬಹುಪಾಲು ಎರಡು ಪ್ರಶ್ನೆಗಳಿಗೆ ಬಂದು ನಿಲ್ಲುತ್ತವೆ: ಕ್ಯಾಲೆಂಡರಿನಲ್ಲಿರುವುದು ಫೈಲಿನ ಪ್ರತಿಯೋ, ಫೈಲಿನ ವಿಳಾಸಕ್ಕೆ ಜೋಡಿಸಿಕೊಂಡ ಚಂದಾದಾರಿಕೆಯೋ, ಮತ್ತು ಫೈಲನ್ನು ತಿದ್ದಿದವರು ಹಳೆಯ ರಜೆಯನ್ನೇ ತಿದ್ದಿದರೋ, ಹಳೆಯದರ ಪಕ್ಕದಲ್ಲಿ ಹೊಸದೊಂದನ್ನು ಬರೆದರೋ. ಈ ಕೈಪಿಡಿ ಅದೇ ಕ್ರಮದಲ್ಲಿ ಸಾಗುತ್ತದೆ.

ಉದಾಹರಣೆಗೆ ತೆಗೆದುಕೊಂಡ ಪ್ರಸಂಗ

2025ರ ಈದ್ ಮಿಲಾದ್ ಈ ದೋಷವನ್ನು ವಿವರಿಸಲು ಅನುಕೂಲವಾದ ಉದಾಹರಣೆ. ಆ ವರ್ಷ ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಸೆಪ್ಟೆಂಬರ್ 5, ಶುಕ್ರವಾರ, ರಜೆ ಎಂದು ನಿಗದಿಯಾಗಿತ್ತು. ಮರುದಿನ, ಸೆಪ್ಟೆಂಬರ್ 6ರಂದು, ಅನಂತ ಚತುರ್ದಶಿಯ ಗಣೇಶ ವಿಸರ್ಜನೆ ಇದ್ದುದರಿಂದ ಮುಂಬೈಯಲ್ಲಿ ಈದ್ ಮೆರವಣಿಗೆಯನ್ನು ಮುಂದಕ್ಕೆ ಹಾಕಲಾಯಿತು, ಮತ್ತು ಮಹಾರಾಷ್ಟ್ರ ಸರ್ಕಾರ ಹಬ್ಬಕ್ಕೆ ಕೆಲವೇ ದಿನ ಮುಂಚೆ, ಮುಂಬೈ ನಗರ ಮತ್ತು ಮುಂಬೈ ಉಪನಗರ ಜಿಲ್ಲೆಗಳಿಗೆ ಮಾತ್ರ, ರಜೆಯನ್ನು ಸೆಪ್ಟೆಂಬರ್ 8, ಸೋಮವಾರಕ್ಕೆ ಬದಲಾಯಿಸಿತು. ಬೆಂಗಳೂರಿನಲ್ಲಿ 5ನೇ ತಾರೀಖೇ ಉಳಿಯಿತು.

ಬೆಂಗಳೂರಿನಲ್ಲಿ ಮುಖ್ಯ ಕಚೇರಿಯೂ ಮುಂಬೈಯಲ್ಲಿ ಶಾಖೆಯೂ ಇರುವ, ಎರಡಕ್ಕೂ ಒಂದೇ ರಜಾ ಫೈಲನ್ನು ಹಂಚಿದ್ದ ಒಂದು ಸಂಸ್ಥೆಯನ್ನು ಊಹಿಸಿಕೊಳ್ಳೋಣ. ಫೈಲಿನಲ್ಲಿ ಎರಡೂ ಊರುಗಳಿಗೆ ಸೇರಿ ಈದ್ ಮಿಲಾದ್ ಒಂದೇ ನಮೂದಾಗಿದ್ದರೆ ಅದನ್ನು 8ಕ್ಕೆ ಸರಿಸಿದ ಕೂಡಲೇ ಬೆಂಗಳೂರಿನವರ ರಜೆಯೂ ಸರಿದುಹೋಗುತ್ತದೆ. ಸರಿಸದಿದ್ದರೆ ಮುಂಬೈಯವರದು ತಪ್ಪಾಗಿಯೇ ಉಳಿಯುತ್ತದೆ. ಆದ್ದರಿಂದ ಹಬ್ಬ ಒಂದೇ ಆದರೂ ಊರಿಗೊಂದು ನಮೂದು ಇರಬೇಕು, ಸಾಧ್ಯವಾದರೆ ಊರಿಗೊಂದು ಫೈಲೇ ಇರಬೇಕು. ವರ್ಷದ ಆರಂಭದಲ್ಲಿ ಎರಡೂ ದಿನಾಂಕ ಒಂದೇ ಆಗಿರುವುದರಿಂದ ಇದು ಅನವಶ್ಯಕ ಕೆಲಸ ಎನ್ನಿಸುತ್ತದೆ, ಆದರೆ ಹಬ್ಬದ ಹಿಂದಿನ ದಿನ ಒಂದು ನಮೂದನ್ನು ಎರಡಾಗಿ ಒಡೆಯುವುದು ಇನ್ನೂ ಕಷ್ಟದ ಕೆಲಸ.

ಮೊದಲ ಪರೀಕ್ಷೆ: ಆ ರಜೆ ಎಲ್ಲಿಂದ ಬಂದಿದೆ?

ಏನನ್ನೂ ಅಳಿಸುವ ಮೊದಲು, ಹೊಸ ಫೈಲನ್ನು ಸೇರಿಸುವ ಮೊದಲು, ತಪ್ಪಾಗಿ ಕಾಣುತ್ತಿರುವ ರಜೆಯ ಮೇಲೆ ಬೆರಳಿಟ್ಟು ಅದರ ವಿವರವನ್ನು ತೆರೆಯಬೇಕು. ವಿವರದಲ್ಲಿ ಆ ನಮೂದು ಯಾವ ಕ್ಯಾಲೆಂಡರಿಗೆ ಸೇರಿದೆ ಎಂಬ ಹೆಸರು ಇರುತ್ತದೆ. ಈ ಒಂದು ಸಾಲನ್ನು ಓದದೆ ಕೆಲಸಕ್ಕೆ ಇಳಿದವರು ಸರಿಯಾಗಿದ್ದ ನಮೂದನ್ನು ಅಳಿಸಿ ತಪ್ಪನ್ನು ಉಳಿಸಿಕೊಳ್ಳುವುದು ಸಾಮಾನ್ಯ.

ಅಲ್ಲಿ "Holidays in India" ಎಂದಿದ್ದರೆ ಅದು ಗೂಗಲ್ ತಾನೇ ಒದಗಿಸುವ ಕ್ಯಾಲೆಂಡರ್. ಐಫೋನಿನಲ್ಲಿಯೂ ಆ್ಯಪಲ್ ಒದಗಿಸುವ ಅಂಥದ್ದೇ ರಜಾ ಕ್ಯಾಲೆಂಡರ್ ಇರುತ್ತದೆ. ಇವು ದೇಶದ ಹಬ್ಬಗಳನ್ನು ತೋರಿಸುತ್ತವೆಯೇ ಹೊರತು ನಿಮ್ಮ ಕಚೇರಿಗೆ ಯಾವತ್ತು ರಜೆ ಎಂಬುದನ್ನಲ್ಲ. "ಸರ್, ನಮ್ಮ ಫೈಲಿನಲ್ಲಿ ಈದ್ ಎರಡು ಸಲ ಬಂದಿದೆ" ಎಂಬ ದೂರುಗಳಲ್ಲಿ ಕೆಲವು ಇಲ್ಲಿಗೇ ಮುಗಿಯುತ್ತವೆ, ಏಕೆಂದರೆ ಒಂದು ಕಚೇರಿಯದು, ಇನ್ನೊಂದು ಗೂಗಲ್‌ನದು. ಗೂಗಲ್‌ನದು ಬೇಡವೆಂದರೆ ಆ ಕ್ಯಾಲೆಂಡರಿನ ಎದುರಿನ ಗುರುತನ್ನು ತೆಗೆದರೆ ಸಾಕು.

ಹೆಸರಿನ ಜಾಗದಲ್ಲಿ ನಿಮ್ಮದೇ ಇಮೇಲ್ ವಿಳಾಸವೋ ನಿಮ್ಮ ಹೆಸರೋ ಇದ್ದರೆ ಫೈಲನ್ನು ನಿಮ್ಮ ಮುಖ್ಯ ಕ್ಯಾಲೆಂಡರಿನೊಳಕ್ಕೆ ಇಂಪೋರ್ಟ್ ಮಾಡಿದ್ದೀರಿ ಎಂದರ್ಥ. ರಜಾಪಟ್ಟಿಯದೇ ಬೇರೆ ಹೆಸರಿದ್ದರೆ ಅದು ಇಂಪೋರ್ಟ್ ಆದದ್ದೂ ಇರಬಹುದು, ಚಂದಾದಾರಿಕೆಯೂ ಇರಬಹುದು. ಇವೆರಡನ್ನು ಬೇರ್ಪಡಿಸಲು ಒಂದು ಸುಲಭ ಉಪಾಯವಿದೆ. ಗೂಗಲ್ ಕ್ಯಾಲೆಂಡರಿನಲ್ಲಿ ಆ ನಮೂದನ್ನು ತೆರೆದಾಗ ತಿದ್ದುವ ಪೆನ್ಸಿಲ್ ಚಿಹ್ನೆ ಕಂಡರೆ ಅದು ನಿಮ್ಮ ಬಳಿ ಇರುವ ಪ್ರತಿ. ಪೆನ್ಸಿಲ್ ಇಲ್ಲದಿದ್ದರೆ ಚಂದಾದಾರಿಕೆ. ಐಫೋನಿನಲ್ಲಿ ನಮೂದಿನ ಕೆಳಗೆ "Delete Event" ಇದ್ದರೆ ಪ್ರತಿ, ಇಲ್ಲದಿದ್ದರೆ ಚಂದಾದಾರಿಕೆ. ಬೇರೆಯವರ ಫೈಲನ್ನು ನೀವು ತಿದ್ದಲಾಗದು ಎಂಬ ಕಾರಣಕ್ಕೆ ಈ ಆ್ಯಪ್‌ಗಳು ಆ ಗುಂಡಿಯನ್ನೇ ಕೊಡುವುದಿಲ್ಲ.

ಪ್ರತಿಯಾಗಿದ್ದರೆ

ಇಂಪೋರ್ಟ್ ಎಂದರೆ ಆ ದಿನ ಫೈಲಿನಲ್ಲಿ ಏನಿತ್ತೋ ಅದರ ಝೆರಾಕ್ಸ್ ಮಾಡಿಸಿಕೊಂಡ ಹಾಗೆ. ಮೂಲವನ್ನು ಆಮೇಲೆ ಎಷ್ಟು ತಿದ್ದಿದರೂ ನಿಮ್ಮ ಕೈಯಲ್ಲಿರುವ ಪ್ರತಿಗೆ ಅದು ತಿಳಿಯುವುದಿಲ್ಲ, ಸಿಂಕ್ ಎಷ್ಟು ಸಲ ಒತ್ತಿದರೂ ತಿಳಿಯುವುದಿಲ್ಲ. ಹಳೆಯ ದಿನಾಂಕವೇ ಉಳಿದಿದೆ ಎಂಬ ದೂರಿಗೆ ಇದು ಅತಿ ಸಾಮಾನ್ಯ ಕಾರಣ, ಮತ್ತು ಇಲ್ಲಿ ಕೆಟ್ಟಿರುವುದು ಏನೂ ಇಲ್ಲ. ಇಂಪೋರ್ಟ್ ತನ್ನ ಕೆಲಸವನ್ನು ಮಾಡಿದೆ.

ಕಚೇರಿಯವರು ತಿದ್ದಿದ ಫೈಲನ್ನು ಮತ್ತೆ ಮೇಲ್‌ನಲ್ಲಿ ಕಳಿಸಿ "ಇದನ್ನು ಇಂಪೋರ್ಟ್ ಮಾಡಿಕೊಳ್ಳಿ" ಎಂದಾಗ ಎರಡನೆಯ ಸಮಸ್ಯೆ ಹುಟ್ಟುತ್ತದೆ. ಫೈಲಿನಲ್ಲಿ ಇಲ್ಲದ ರಜೆಯನ್ನು ಇಂಪೋರ್ಟ್ ಎಂದೂ ಅಳಿಸುವುದಿಲ್ಲ. 5ನೇ ತಾರೀಖಿನ ನಮೂದನ್ನು ಫೈಲಿನಿಂದ ತೆಗೆದು 8ನೇ ತಾರೀಖಿಗೆ ಹೊಸದೊಂದನ್ನು ಬರೆದಿದ್ದರೆ, ಹೊಸ ಫೈಲನ್ನು ಸೇರಿಸಿದವರಿಗೆ ಹಳೆಯದು ಉಳಿದುಕೊಂಡು ಹೊಸದು ಅದರ ಜೊತೆಗೆ ಬರುತ್ತದೆ. ಚಂದಾದಾರಿಕೆಯಲ್ಲಿ ಹೀಗಾಗದು, ಅಲ್ಲಿ ಫೈಲಿನಿಂದ ತೆಗೆದದ್ದು ಮುಂದಿನ ಬಾರಿ ಓದಿದಾಗ ಕ್ಯಾಲೆಂಡರಿನಿಂದಲೂ ಹೋಗುತ್ತದೆ. ಒಂದೇ ಫೈಲ್ ಇಬ್ಬರಿಗೆ ಎರಡು ಬಗೆಯಾಗಿ ಕಾಣುವುದಕ್ಕೆ ಈ ವ್ಯತ್ಯಾಸವೇ ಕಾರಣ.

ಇದನ್ನು ಸ್ವಚ್ಛಗೊಳಿಸುವ ಕೆಲಸ ಎಷ್ಟು ಕಷ್ಟ ಎಂಬುದು ಮೊದಲ ಇಂಪೋರ್ಟ್ ಎಲ್ಲಿಗೆ ಆಗಿತ್ತು ಎಂಬುದರ ಮೇಲೆ ನಿಂತಿದೆ. ರಜೆಗಳಿಗೆಂದೇ ಪ್ರತ್ಯೇಕ ಕ್ಯಾಲೆಂಡರ್ ಮಾಡಿ ಅದರೊಳಕ್ಕೆ ಸೇರಿಸಿದ್ದರೆ ಆ ಇಡೀ ಕ್ಯಾಲೆಂಡರನ್ನು ಅಳಿಸಿ ಚಂದಾದಾರಿಕೆಗೆ ಹೋಗಬಹುದು. ಮುಖ್ಯ ಕ್ಯಾಲೆಂಡರಿಗೇ ಸೇರಿಸಿದ್ದರೆ, ಕಂಪ್ಯೂಟರಿನಲ್ಲಿ ಗೂಗಲ್ ಕ್ಯಾಲೆಂಡರಿನ ಹುಡುಕು ಪೆಟ್ಟಿಗೆಯಲ್ಲಿ ಹಬ್ಬದ ಹೆಸರು ಕೊಟ್ಟು ಒಂದೊಂದನ್ನೇ ಅಳಿಸುವುದು ಬಿಟ್ಟರೆ ಬೇರೆ ದಾರಿ ಕಾಣೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಸೆಟ್ಟಿಂಗ್ಸ್‌ನಲ್ಲಿ ಮುಖ್ಯ ಕ್ಯಾಲೆಂಡರಿನ ಎದುರು ಕಾಣುವ "Delete" ಒತ್ತಿದರೆ ರಜೆಗಳಷ್ಟೇ ಅಲ್ಲ, ನಿಮ್ಮ ಸಭೆಗಳು, ಡಾಕ್ಟರ್ ಭೇಟಿಗಳು, ಎಲ್ಲವೂ ಅಳಿಯುತ್ತವೆ. ಅಳಿಸಿದ ನಮೂದುಗಳು ಕಂಪ್ಯೂಟರಿನ ಗೂಗಲ್ ಕ್ಯಾಲೆಂಡರಿನ "Trash"ನಲ್ಲಿ ಸುಮಾರು 30 ದಿನ ಇರುತ್ತವೆಂಬುದು ನಿಜ, ಆದರೆ ಅದನ್ನು ನೆಚ್ಚಿಕೊಂಡು ಕೈ ಹಾಕುವುದು ಬೇಡ.

ಗೂಗಲ್ ಕ್ಯಾಲೆಂಡರಿನ ಮೊಬೈಲ್ ಆ್ಯಪ್‌ನಲ್ಲಿ ಇಂಪೋರ್ಟ್ ಸೌಲಭ್ಯವಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಕಂಪ್ಯೂಟರಿನ ಬ್ರೌಸರಿನಲ್ಲಿ "Settings" ಒಳಗಿನ "Import & export" ಪುಟದಿಂದಲೇ ಆಗಬೇಕು. ಆ ಪುಟದಲ್ಲಿ ಯಾವ ಕ್ಯಾಲೆಂಡರಿಗೆ ಸೇರಿಸಬೇಕು ಎಂದು ಕೇಳುವ "Add to calendar" ಪೆಟ್ಟಿಗೆಯಲ್ಲಿ ಮೊದಲೇ ನಿಮ್ಮ ಮುಖ್ಯ ಕ್ಯಾಲೆಂಡರ್ ಕುಳಿತಿರುತ್ತದೆ; ಬಹಳ ಮಂದಿ ಅದನ್ನು ಗಮನಿಸದೆ ಮುಂದುವರಿಯುತ್ತಾರೆ. ಐಫೋನಿನಲ್ಲಿ ಮೇಲ್‌ಗೆ ಬಂದ `.ics` ಲಗತ್ತನ್ನು ಒತ್ತಿ "Add All" ಕೊಟ್ಟರೂ ಆಗುವುದು ಇದೇ ಇಂಪೋರ್ಟ್.

ಫೈಲಿನೊಳಗಿನ ದೋಷ

ರಜಾ ಫೈಲನ್ನು ಸಿದ್ಧಪಡಿಸುವವರಿಗೆ, ಅಂದರೆ ಸಾಮಾನ್ಯವಾಗಿ ಎಚ್.ಆರ್. ವಿಭಾಗದವರಿಗೆ ಅಥವಾ ಅವರ ಪರವಾಗಿ ಈ ಕೆಲಸ ಹೊತ್ತುಕೊಂಡವರಿಗೆ, ಈ ಭಾಗ ಮುಖ್ಯ. `.ics` ಎಂಬುದು ಸಾದಾ ಪಠ್ಯದ ಫೈಲ್, ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. ಇದರ ನಿಯಮಗಳು 2009ರ ಆರ್‌ಎಫ್‌ಸಿ 5545 ಎಂಬ ದಾಖಲೆಯಲ್ಲಿವೆ. ಮುಂಬೈಯ ಬದಲಾದ ರಜೆ ಅದರಲ್ಲಿ ಹೀಗಿರಬೇಕು:

```
BEGIN:VEVENT
UID:eid-milad-2025-mumbai@example.com
DTSTAMP:20250904T043000Z
SEQUENCE:1
DTSTART;VALUE=DATE:20250908
DTEND;VALUE=DATE:20250909
SUMMARY:ಈದ್ ಮಿಲಾದ್ - ಮುಂಬೈ
END:VEVENT
```

ಇದರಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದ ಸಾಲು `UID`. ಕ್ಯಾಲೆಂಡರ್ ಆ್ಯಪ್ ಒಂದು ರಜೆಯನ್ನು ಗುರುತಿಸುವುದು ಅದರ ಹೆಸರಿನಿಂದಲೂ ಅಲ್ಲ, ದಿನಾಂಕದಿಂದಲೂ ಅಲ್ಲ, ಈ ಸಾಲಿನಿಂದ. ಜನವರಿಯ ಫೈಲಿನಲ್ಲಿ ಇದ್ದ `UID`ಯೇ ಸೆಪ್ಟೆಂಬರಿನ ಫೈಲಿನಲ್ಲಿಯೂ ಇದ್ದರೆ ಆ್ಯಪ್‌ಗೆ ಇದು ಅದೇ ರಜೆ, ದಿನಾಂಕ ಮಾತ್ರ ಸರಿದಿದೆ ಎಂದು ತಿಳಿಯುತ್ತದೆ. ಬೇರೆ `UID` ಇದ್ದರೆ ಅದರ ಲೆಕ್ಕದಲ್ಲಿ ಇದೊಂದು ಹೊಸ ರಜೆ. ಎಕ್ಸೆಲ್ ಪಟ್ಟಿಯಿಂದ `.ics` ತಯಾರಿಸಿಕೊಡುವ ಜಾಲತಾಣಗಳಲ್ಲಿ ಹಲವು ಪ್ರತಿ ಸಲವೂ ಹೊಸ `UID`ಗಳನ್ನು ಹುಟ್ಟುಹಾಕುತ್ತವೆ. ಪಟ್ಟಿಯಲ್ಲಿ ಒಂದೇ ಒಂದು ದಿನಾಂಕ ತಿದ್ದಿ ಮತ್ತೆ ಫೈಲ್ ಮಾಡಿಸಿದರೂ ಅದನ್ನು ಮತ್ತೆ ಇಂಪೋರ್ಟ್ ಮಾಡಿದವರಿಗೆ ಯುಗಾದಿಯಿಂದ ಕ್ರಿಸ್‌ಮಸ್‌ವರೆಗೆ ಪ್ರತಿಯೊಂದು ರಜೆಯೂ ಎರಡೆರಡು ಸಲ ಬರುತ್ತದೆ. ಬದಲಾದ ಹಬ್ಬವೊಂದೇ ಎರಡು ಸಲ ಕಂಡರೆ ಯಾರೋ ಕೈಯಿಂದ ಹೊಸ ನಮೂದು ಬರೆದಿದ್ದಾರೆ ಎಂದೂ, ಎಲ್ಲವೂ ಎರಡು ಸಲ ಕಂಡರೆ ಫೈಲನ್ನು ಹೊಸದಾಗಿ ಹುಟ್ಟಿಸಿದ್ದಾರೆ ಎಂದೂ ಹೊರಗಿನಿಂದಲೇ ಹೇಳಬಹುದು. ಖಚಿತಪಡಿಸಿಕೊಳ್ಳಬೇಕಾದರೆ ಹಳೆಯ ಮತ್ತು ಹೊಸ ಫೈಲುಗಳನ್ನು ಪಕ್ಕಪಕ್ಕದಲ್ಲಿ ತೆರೆದು ಬದಲಾಗದ ಒಂದು ರಜೆಯ, ಉದಾಹರಣೆಗೆ ನವೆಂಬರ್ 1ರ ಕನ್ನಡ ರಾಜ್ಯೋತ್ಸವದ, `UID` ಸಾಲನ್ನು ಹೋಲಿಸಬೇಕು.

ಈ ಕಾರಣದಿಂದ `UID`ಯಲ್ಲಿ ದಿನಾಂಕವನ್ನು ಸೇರಿಸುವ ಅಭ್ಯಾಸ ಒಳ್ಳೆಯದಲ್ಲ. `20250905-eid` ಎಂದು ಇಟ್ಟವರಿಗೆ ದಿನಾಂಕ ಬದಲಾದಾಗ ಅದನ್ನೂ ತಿದ್ದುವ ಮನಸ್ಸಾಗುತ್ತದೆ, ಮತ್ತು ತಿದ್ದಿದೊಡನೆ ಕೆಲಸ ಕೆಡುತ್ತದೆ. ಹಬ್ಬ, ವರ್ಷ, ಊರು, ಇಷ್ಟಿದ್ದರೆ ಸಾಕು.

`SEQUENCE` ಎಂಬುದು ತಿದ್ದುಪಡಿಯ ಸಂಖ್ಯೆ. ಮೊದಲ ಫೈಲಿನಲ್ಲಿ 0, ದಿನಾಂಕ ಬದಲಾದಾಗ 1, ಮತ್ತೆ ಬದಲಾದರೆ 2. `UID` ಒಂದೇ ಆಗಿದ್ದು ಈ ಸಂಖ್ಯೆ ಏರಿದ್ದರೆ ಗೂಗಲ್ ಕ್ಯಾಲೆಂಡರಿನಲ್ಲಿ ಅದೇ ಕ್ಯಾಲೆಂಡರಿಗೆ ಮತ್ತೆ ಇಂಪೋರ್ಟ್ ಮಾಡಿದಾಗ ಸಾಮಾನ್ಯವಾಗಿ ಹಳೆಯ ನಮೂದೇ ಹೊಸ ದಿನಕ್ಕೆ ಸರಿಯುತ್ತದೆ. ಸಂಖ್ಯೆ ಮೊದಲಿಗಿಂತ ಕಡಿಮೆ ಇದ್ದರೆ ಅದು ಹೊಸ ನಮೂದನ್ನು ಒಪ್ಪುವುದಿಲ್ಲ. ಆದರೆ ಎಲ್ಲ ಆ್ಯಪ್‌ಗಳೂ ಮರು ಇಂಪೋರ್ಟನ್ನು ಇಷ್ಟು ಅಚ್ಚುಕಟ್ಟಾಗಿ ನಡೆಸುವುದಿಲ್ಲ, ಆದ್ದರಿಂದ ನೂರಾರು ಮಂದಿಗೆ ಹಂಚುವ ಫೈಲಿಗೆ ಇದನ್ನೇ ಪರಿಹಾರವೆಂದು ನಾನು ಸೂಚಿಸುವುದಿಲ್ಲ.

ಇನ್ನು ದಿನಾಂಕದ ಎರಡು ಸಾಲುಗಳು. ಇಡೀ ದಿನದ ರಜೆಗೆ `DTEND` ಎಂದರೆ ರಜೆ ಮುಗಿದ ಮರುದಿನ. 8ರ ಒಂದು ದಿನದ ರಜೆಗೆ ಅಲ್ಲಿ 9 ಇರುವುದೇ ಸರಿ. ಅವಸರದಲ್ಲಿ ದಿನಾಂಕ ಬದಲಾಯಿಸುವವರು `DTSTART` ಸಾಲನ್ನು 8ಕ್ಕೆ ತಂದು, `DTEND` ಸಾಲಿನಲ್ಲಿ ಹಳೆಯ 6ನೇ ತಾರೀಖನ್ನು ಹಾಗೆಯೇ ಬಿಡುತ್ತಾರೆ. ಆಗ ರಜೆ ಆರಂಭವಾಗುವ ಮೊದಲೇ ಮುಗಿದಂತಾಗುತ್ತದೆ, ನಿಯಮದ ಪ್ರಕಾರ ಅಂಥ ನಮೂದು ಅಸಿಂಧು, ಮತ್ತು ಆ್ಯಪ್ ಅದನ್ನು ಸದ್ದಿಲ್ಲದೆ ಬಿಟ್ಟುಬಿಡಬಹುದು. ಹಬ್ಬವೇ ಮಾಯವಾಗಿದೆ ಎಂಬ ದೂರು ಬಂದಾಗ ಮೊದಲು ನೋಡಬೇಕಾದದ್ದು ಈ ಎರಡು ಸಾಲುಗಳನ್ನೇ. ಗೂಗಲ್‌ನಲ್ಲಿ ಇಂಪೋರ್ಟ್ ಮುಗಿದಾಗ ಒಟ್ಟು ಎಷ್ಟರಲ್ಲಿ ಎಷ್ಟು ನಮೂದು ಸೇರಿದವು ಎಂದು ತೋರಿಸುವ ಸಂದೇಶವನ್ನು ಓದದೆ ಮುಚ್ಚಬಾರದು. ಅಲ್ಲಿ ಒಂದು ಕಡಿಮೆ ಇದ್ದರೆ ಅದು ಬಹುಶಃ ಈಗಷ್ಟೇ ತಿದ್ದಿದ ನಮೂದೇ.

ರಜೆ ಇಡೀ ದಿನಕ್ಕೆ ಕಾಣುವ ಬದಲು ಬೆಳಿಗ್ಗೆ 5:30ಕ್ಕೆ ಒಂದು ಸಭೆಯಂತೆ ಕಾಣುತ್ತಿದ್ದರೆ `VALUE=DATE` ಬಿಟ್ಟುಹೋಗಿದೆ ಮತ್ತು `DTSTART:20250908T000000Z` ಎಂದು ಬರೆದಿದ್ದಾರೆ. ಕೊನೆಯ `Z` ಅಕ್ಷರ ಅಂತರರಾಷ್ಟ್ರೀಯ ಕಾಲಮಾನವನ್ನು ಸೂಚಿಸುವುದರಿಂದ, ಭಾರತದಲ್ಲಿ ಅದಕ್ಕೆ ಐದೂವರೆ ಗಂಟೆ ಕೂಡುತ್ತದೆ. ಕನ್ನಡದ ಹೆಸರುಗಳು ವಿಚಿತ್ರ ಚಿಹ್ನೆಗಳಾಗಿ ಕಂಡರೆ ಫೈಲನ್ನು ಉಳಿಸುವಾಗ ಯುಟಿಎಫ್-8 ಆಯ್ದುಕೊಂಡಿಲ್ಲ ಎಂದರ್ಥ.

ಚಂದಾದಾರಿಕೆಯಾಗಿದ್ದರೂ ಹಳೆಯದೇ ಕಾಣುತ್ತಿದ್ದರೆ

ಪ್ರತಿಯ ಬದಲು ಫೈಲಿನ ವಿಳಾಸವನ್ನು ಕ್ಯಾಲೆಂಡರಿಗೆ ಕೊಟ್ಟಿದ್ದರೆ ಅದು ಆಗಾಗ ಆ ವಿಳಾಸಕ್ಕೆ ಹೋಗಿ ಫೈಲನ್ನು ಮತ್ತೆ ಓದುತ್ತದೆ. ಗೂಗಲ್‌ನಲ್ಲಿ ಇದನ್ನು ಕಂಪ್ಯೂಟರಿನಲ್ಲಿ "Other calendars" ಪಕ್ಕದ ಕೂಡು ಚಿಹ್ನೆಯಿಂದ "From URL" ಆಯ್ದುಕೊಂಡು ಮಾಡಬೇಕು. ಐಫೋನಿನ ಕ್ಯಾಲೆಂಡರ್ ಆ್ಯಪ್‌ನಲ್ಲಿ "Calendars", ಅದರೊಳಗೆ "Add Calendar", ಅಲ್ಲಿಂದ "Add Subscription Calendar". ಔಟ್‌ಲುಕ್‌ನ ಜಾಲತಾಣದಲ್ಲಿ "Add calendar" ಒಳಗಿನ "Subscribe from web". ಅದರ ಹತ್ತಿರವೇ ಇರುವ "Upload from file" ಒತ್ತಿದರೆ ಮತ್ತೆ ಪ್ರತಿಯೇ ಆಗುತ್ತದೆ.

ದೋಷ ಸರ್ವರಿನಲ್ಲಿದೆಯೋ ಕ್ಯಾಲೆಂಡರಿನಲ್ಲಿದೆಯೋ ಎಂಬುದನ್ನು ಮೊದಲು ಬೇರ್ಪಡಿಸಬೇಕು. ಅದಕ್ಕೆ ಟರ್ಮಿನಲ್‌ನಲ್ಲಿ ಒಂದು ಸಾಲು ಸಾಕು:

```
curl -sL "https://example.com/raje-2025.ics" | grep -A 5 "eid-milad-2025-mumbai"
```

ಉತ್ತರದಲ್ಲಿ `20250908` ಕಂಡರೆ ಸರ್ವರ್ ಸರಿಯಾಗಿದೆ, ಕ್ಯಾಲೆಂಡರ್ ಇನ್ನೂ ಓದಿಲ್ಲ. `20250905` ಕಂಡರೆ ತಿದ್ದಿದ ಫೈಲ್ ಅಪ್‌ಲೋಡ್ ಆಗಿಲ್ಲ, ಅಥವಾ ಬೇರೆ ಹೆಸರಿನಲ್ಲಿ ಆಗಿದೆ. ಈ ಎರಡನೆಯದು ನಾವು ಅಂದುಕೊಳ್ಳುವುದಕ್ಕಿಂತ ಹೆಚ್ಚು ಸಲ ನಡೆಯುತ್ತದೆ: `raje-2025.ics` ಜಾಗದಲ್ಲಿ `raje-2025-new.ics` ಎಂದು ಏರಿಸಿ ಹೊಸ ಲಿಂಕ್ ಕಳಿಸಿದರೆ ಹಳೆಯ ಲಿಂಕಿಗೆ ಚಂದಾದಾರರಾದವರು ಹಳೆಯದರಲ್ಲಿಯೇ ಉಳಿಯುತ್ತಾರೆ. ಹೆಸರು ಬದಲಾಗದೆ ಫೈಲಿನ ಒಳಗಿರುವುದು ಬದಲಾಗಬೇಕು.

ಉತ್ತರದಲ್ಲಿ ಏನೂ ಬಾರದಿದ್ದರೆ `grep` ಭಾಗವನ್ನು ತೆಗೆದು ಮೊದಲ ಸಾಲನ್ನು ನೋಡಬೇಕು. ಅದು `BEGIN:VCALENDAR` ಆಗಿರಬೇಕು. ಅದರ ಬದಲು ಒಂದು ಜಾಲಪುಟದ ಸಂಕೇತಗಳು ಬಂದರೆ ಫೈಲ್ ಲಾಗಿನ್ ಹಿಂದೆ ಇದೆ, ಅಥವಾ ನೀವು ಹಿಡಿದಿರುವುದು ಫೈಲಿನ ವಿಳಾಸವಲ್ಲ, ಅದನ್ನು ತೋರಿಸುವ ಪುಟದ ವಿಳಾಸ. ಗೂಗಲ್ ಡ್ರೈವ್‌ನ ಶೇರ್ ಲಿಂಕನ್ನು ಚಂದಾದಾರಿಕೆಗೆ ಕೊಟ್ಟವರಿಗೆ ಆಗುವುದು ಇದೇ. ಬ್ರೌಸರಿನಲ್ಲಿ ಲಾಗಿನ್ ಆಗಿರುವ ನಿಮಗೆ ಫೈಲ್ ಸಲೀಸಾಗಿ ತೆರೆಯುತ್ತದೆ, ಆದರೆ ಗೂಗಲ್‌ನ ಸರ್ವರ್‌ಗೆ ನಿಮ್ಮ ಪಾಸ್‌ವರ್ಡ್ ಗೊತ್ತಿಲ್ಲ.

ಸರ್ವರ್ ಸರಿಯಾಗಿದ್ದರೆ ಉಳಿಯುವುದು ಕಾಯುವ ಪ್ರಶ್ನೆ. ವಿಳಾಸದಿಂದ ಸೇರಿಸಿದ ಕ್ಯಾಲೆಂಡರಿನ ಬದಲಾವಣೆ ಕಾಣಲು 12 ಗಂಟೆಯವರೆಗೆ ಹಿಡಿಯಬಹುದು ಎಂದು ಗೂಗಲ್ ತನ್ನ ಸಹಾಯ ಪುಟದಲ್ಲಿ ಹೇಳುತ್ತದೆ, ಮತ್ತು ಈಗಲೇ ಓದು ಎಂದು ಹೇಳುವ ಗುಂಡಿ ಅದರಲ್ಲಿಲ್ಲ. ಔಟ್‌ಲುಕ್‌ನಲ್ಲಿ ಸುಮಾರು 3 ಗಂಟೆಗೊಮ್ಮೆ ನಡೆಯಬೇಕಾದರೂ 24 ಗಂಟೆಗಿಂತ ಹೆಚ್ಚು ಆಗಬಹುದು. ಐಫೋನಿನಲ್ಲಿ ಮಾತ್ರ "Calendars" ಪಟ್ಟಿಯನ್ನು ತೆರೆದು ಕೆಳಕ್ಕೆ ಎಳೆದರೆ ಅದು ಕೂಡಲೇ ಓದಲು ಹೋಗುತ್ತದೆ. ಫೈಲಿನಲ್ಲಿ `REFRESH-INTERVAL` ಎಂಬ ಸಾಲನ್ನು ಸೇರಿಸಿ ಎಷ್ಟು ಗಂಟೆಗೊಮ್ಮೆ ಓದಬೇಕೆಂದು ಸೂಚಿಸಬಹುದು, ಆದರೆ ಅದು ಸೂಚನೆ ಮಾತ್ರ.

ಗೂಗಲ್‌ನಲ್ಲಿ ಕಾಯಲು ಸಮಯವಿಲ್ಲದಿದ್ದರೆ ಒಂದು ದಾರಿಯಿದೆ. ಹಳೆಯ ಚಂದಾದಾರಿಕೆಯನ್ನು ತೆಗೆದು, ಅದೇ ವಿಳಾಸದ ಕೊನೆಗೆ `?v=2` ಸೇರಿಸಿ ಮತ್ತೆ ಕೊಡಬೇಕು. ಸರ್ವರ್ ಆ ಬಾಲವನ್ನು ಲೆಕ್ಕಿಸದೆ ಅದೇ ಫೈಲನ್ನು ಕೊಡುತ್ತದೆ, ಗೂಗಲ್ ಮಾತ್ರ ಇದನ್ನು ಹೊಸ ವಿಳಾಸವೆಂದು ತಿಳಿದು ಹೊಸದಾಗಿ ಓದುತ್ತದೆ. ಬಾಲವಿಲ್ಲದ ಹಳೆಯ ವಿಳಾಸವನ್ನೇ ಕೊಟ್ಟರೆ ತನ್ನ ಬಳಿ ಉಳಿಸಿಕೊಂಡ ಹಳೆಯ ಪ್ರತಿಯನ್ನೇ ತೋರಿಸಬಹುದು. ಒಬ್ಬಿಬ್ಬರಿಗೆ ಇದು ಸರಿ; ಇಡೀ ಕಚೇರಿಗೆ ಹೇಳುವ ಮಾತಲ್ಲ.

ಕಂಪ್ಯೂಟರಿನಲ್ಲಿದೆ, ಫೋನಿನಲ್ಲಿಲ್ಲ

ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್ ಕ್ಯಾಲೆಂಡರ್ ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಆ ಕ್ಯಾಲೆಂಡರಿನ ಹೆಸರನ್ನು ಒತ್ತಿದರೆ "Sync" ಎಂಬ ಸ್ವಿಚ್ ಇರುತ್ತದೆ. ಕಂಪ್ಯೂಟರಿನಲ್ಲಿ ಹೊಸದಾಗಿ ಸೇರಿಸಿದ ಚಂದಾದಾರಿಕೆಗೆ ಅದು ಆಫ್ ಆಗಿ ಉಳಿದಿರುವುದುಂಟು. ಹೆಸರೇ ಕಾಣದಿದ್ದರೆ "Show more" ಒತ್ತಿ ನೋಡಬೇಕು.

ಐಫೋನಿನಲ್ಲಿ ಗೂಗಲ್ ಖಾತೆಯನ್ನು ಆ್ಯಪಲ್‌ನ ಕ್ಯಾಲೆಂಡರ್ ಆ್ಯಪ್‌ಗೆ ಜೋಡಿಸಿಕೊಂಡವರ ಸಮಸ್ಯೆ ಬೇರೆ. ಬೇರೆಯವರು ಹಂಚಿದ ಕ್ಯಾಲೆಂಡರುಗಳು ಅಲ್ಲಿಗೆ ತಾವಾಗಿ ಬರುವುದಿಲ್ಲ. ಬ್ರೌಸರಿನಲ್ಲಿ `calendar.google.com/calendar/syncselect` ಪುಟವನ್ನು ತೆರೆದು, ಬೇಕಾದ ಕ್ಯಾಲೆಂಡರಿಗೆ ಗುರುತು ಹಾಕಿ ಉಳಿಸಬೇಕು. ಗೂಗಲ್ ಕ್ಯಾಲೆಂಡರಿನ ಮಾಮೂಲು ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಹುಡುಕಿದರೂ ಸಿಗದ ಪುಟ ಇದು. ಅದಕ್ಕಿಂತ, ರಜಾ ಫೈಲಿನ ವಿಳಾಸವನ್ನು ಐಫೋನಿಗೇ ನೇರವಾಗಿ ಕೊಟ್ಟು ಗೂಗಲ್‌ನ ನಡುವಣ ಕಾಯುವಿಕೆಯನ್ನು ತಪ್ಪಿಸುವುದು ಮೇಲು.

ಯಾವುದಕ್ಕೆ ಯಾವ ಮಿತಿ

ಚಂದಾದಾರಿಕೆ ಕೆಲವು ದಿನ ಮುಂಚೆ ಗೊತ್ತಾಗುವ ಬದಲಾವಣೆಗೆ ಸಾಕಾಗುತ್ತದೆ. ಹಿಂದಿನ ಸಂಜೆಯ ಬದಲಾವಣೆಗೆ ಸಾಕಾಗದು. 2024ರ ಡಿಸೆಂಬರ್ 10ರಂದು ಮಾಜಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ನಿಧನರಾದಾಗ ಕರ್ನಾಟಕ ಸರ್ಕಾರ ಮರುದಿನ ರಜೆ ಘೋಷಿಸಿತು; ಅದೇ ತಿಂಗಳ 26ರ ರಾತ್ರಿ ಮಾಜಿ ಪ್ರಧಾನಿ ಮನಮೋಹನ್ ಸಿಂಗ್ ನಿಧನರಾದಾಗ 27ಕ್ಕೇ ರಜೆ ಬಂತು. ಮೊದಲನೆಯದು 12 ಗಂಟೆಯ ಅವಧಿಯೊಳಗೆ ಫೋನುಗಳನ್ನು ತಲುಪಿದರೂ ತಲುಪಬಹುದು. ಎರಡನೆಯದು ತಲುಪುವ ಸಾಧ್ಯತೆಯೇ ಇಲ್ಲ. ಬೆಳಿಗ್ಗೆ ಏಳುವ ಹೊತ್ತಿಗೆ ಜನ ಟಿವಿಯಲ್ಲೋ ವಾಟ್ಸ್ಆ್ಯಪ್‌ನಲ್ಲೋ ತಿಳಿದಿರುತ್ತಾರೆ, ಕ್ಯಾಲೆಂಡರ್ ಮಧ್ಯಾಹ್ನ ಬಂದು ಹೇಳುತ್ತದೆ.

ಕಚೇರಿಯ ಎಲ್ಲರೂ ಗೂಗಲ್ ಖಾತೆಯನ್ನೇ ಬಳಸುತ್ತಿದ್ದರೆ ಫೈಲನ್ನು ಪೂರ್ತಿ ಬಿಟ್ಟು, ಗೂಗಲ್ ಕ್ಯಾಲೆಂಡರಿನಲ್ಲಿಯೇ "ರಜೆ - ಬೆಂಗಳೂರು" ಎಂಬ ಕ್ಯಾಲೆಂಡರ್ ಮಾಡಿ ಎಲ್ಲರಿಗೂ ಓದಲಷ್ಟೇ ಅನುಮತಿ ಕೊಟ್ಟು ಹಂಚುವುದು ನನ್ನ ಸಲಹೆ. ಅದರೊಳಗೆ ಮಾಡಿದ ಬದಲಾವಣೆ ಫೈಲಿನ ದಾರಿ ಹಿಡಿಯದೆ ನೇರವಾಗಿ ಹೋಗುವುದರಿಂದ ಗಂಟೆಗಟ್ಟಲೆ ಕಾಯಬೇಕಿಲ್ಲ, ಮತ್ತು ದಿನಾಂಕ ಸರಿಸಿದಾಗ ಅದೇ ನಮೂದೇ ಸರಿಯುವುದರಿಂದ `UID`ಯ ತಾಪತ್ರಯವೂ ಇರುವುದಿಲ್ಲ. ಔಟ್‌ಲುಕ್ ಬಳಸುವ ಉಳಿದವರಿಗೆ ಆ ಕ್ಯಾಲೆಂಡರಿನದೇ ಐಕ್ಯಾಲ್ ವಿಳಾಸವನ್ನು ಅದರ ಸೆಟ್ಟಿಂಗ್ಸ್‌ನಿಂದ ತೆಗೆದು ಕೊಡಬಹುದು; ಅವರಿಗೆ ಮಾತ್ರ ಕಾಯುವಿಕೆ ತಪ್ಪದು.

ಫೈಲೇ ಅನಿವಾರ್ಯವಾದಲ್ಲಿ ಚಂದ್ರದರ್ಶನವನ್ನು ಅವಲಂಬಿಸಿದ ರಂಜಾನ್, ಬಕ್ರೀದ್, ಮೊಹರಂ, ಈದ್ ಮಿಲಾದ್ ನಮೂದುಗಳ `SUMMARY` ಸಾಲಿನಲ್ಲಿ ಮೊದಲಿನಿಂದಲೇ "ನಿರೀಕ್ಷಿತ" ಎಂದು ಬರೆದು, ಆದೇಶ ಬಂದ ಮೇಲೆ ಆ ಪದವನ್ನು ತೆಗೆದು `SEQUENCE` ಒಂದು ಏರಿಸುವುದು ಒಳ್ಳೆಯದು. ದಿನಾಂಕ ಬದಲಾಗದಿದ್ದರೂ ಆ ಪದ ಹೋಯಿತೋ ಇಲ್ಲವೋ ಎಂಬುದನ್ನು ನೋಡಿ, ತಮ್ಮ ಫೋನು ಹೊಸ ಫೈಲನ್ನು ಓದಿದೆಯೇ ಎಂದು ಯಾರು ಬೇಕಾದರೂ ತಿಳಿದುಕೊಳ್ಳಬಹುದು.